ಒಬ್ಬರ ಹೆಸರಲ್ಲೋ, ಪಾಲುದಾರಿಕೆಯಲ್ಲೋ, ಕಂಪನಿಯಾಗಿಯೋ? ಹೊಸ ಉದ್ಯಮಕ್ಕೆ ರೂಪ ಆರಿಸುವ ಕ್ರಮ

ಯಾವುದೇ ಪ್ಯಾನ್ ಸಂಖ್ಯೆಯ ನಾಲ್ಕನೇ ಅಕ್ಷರ ನೋಡಿ. ಅದು P ಆಗಿದ್ದರೆ ವ್ಯಕ್ತಿ, F ಆಗಿದ್ದರೆ ಪಾಲುದಾರಿಕೆ ಸಂಸ್ಥೆ, C ಆಗಿದ್ದರೆ ಕಂಪನಿ. ಕರ್ನಾಟಕದಲ್ಲಿ ಪಡೆದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ, ಅದರ ಬೆನ್ನಿಗೇ ಈ ಪ್ಯಾನ್ ಇಡಿಯಾಗಿ ಬರುತ್ತದೆ. ಅಂದರೆ ಉದ್ಯಮದ ರೂಪ ಬದಲಾದರೆ ಪ್ಯಾನ್ ಬದಲಾಗುತ್ತದೆ. ಪ್ಯಾನ್ ಬದಲಾದರೆ ಜಿಎಸ್‌ಟಿ ನೋಂದಣಿ, ಆಹಾರ ಪರವಾನಗಿ, ಬ್ಯಾಂಕಿನ ಕರೆಂಟ್ ಖಾತೆ, ಕೊನೆಗೆ ಬಾಟಲಿಗೆ ಅಂಟಿಸುವ ಲೇಬಲ್ ಕೂಡ ಹೊಸದಾಗಬೇಕು. ಆದ್ದರಿಂದ ಮೊದಲ ಬಿಲ್ಲು ಹರಿಯುವ ಮುಂಚೆಯೇ ರೂಪದ ಬಗ್ಗೆ ಒಂದು ವಾರ ಕೂತು ಯೋಚಿಸುವುದು ಲಾಭದ ಕೆಲಸ.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದು ಉದಾಹರಣೆ ಹಿಡಿದುಕೊಳ್ಳೋಣ. ತಿಪಟೂರಿನಲ್ಲಿ ಅಕ್ಕ, ತಮ್ಮ ಸೇರಿ ಮರದ ಗಾಣದ ಎಣ್ಣೆ ಘಟಕ ಶುರು ಮಾಡುತ್ತಾರೆ. ಕೊಬ್ಬರಿ ಅಲ್ಲಿನ ಮಾರುಕಟ್ಟೆಯಲ್ಲೇ ಸಿಗುತ್ತದೆ. ಅಕ್ಕ ಬೆಂಗಳೂರಿನ ಖಾಸಗಿ ಸಂಸ್ಥೆಯೊಂದರ ನೌಕರಿಯಲ್ಲಿದ್ದಾರೆ, ತೆರಿಗೆಗೆ ಒಳಪಡುವ ಅವರ ಸಂಬಳ ವರ್ಷಕ್ಕೆ 13 ಲಕ್ಷ ರೂಪಾಯಿ. ಅವರು ಹಾಕುವ ಹಣ 12 ಲಕ್ಷ. ತಮ್ಮ ಹಾಕುವುದು 3 ಲಕ್ಷ, ಆದರೆ ಬೆಳಗಿನಿಂದ ರಾತ್ರಿವರೆಗೆ ಘಟಕದಲ್ಲಿ ನಿಲ್ಲುವವರು ಅವರೇ. ಇಬ್ಬರಿಗೂ ಏನನ್ನೂ ಕೊಡುವ ಮೊದಲು ವರ್ಷಕ್ಕೆ 18 ಲಕ್ಷ ಉಳಿಯುತ್ತದೆ ಎಂದುಕೊಳ್ಳೋಣ.

ಇಂಥವರು ಆಡಿಟರ್ ಹತ್ತಿರ ಹೋದಾಗ ಕೇಳುವ ಮೊದಲ ಪ್ರಶ್ನೆ, "ಯಾವುದರಲ್ಲಿ ಟ್ಯಾಕ್ಸ್ ಕಮ್ಮಿ?" ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಮೊದಲು ಕೇಳಬೇಕಾದವು ಎರಡು: ಸಾಲದ ಕಾಗದಕ್ಕೆ ಯಾರು ಸಹಿ ಹಾಕಬಹುದು? ಆ ಸಾಲ ತೀರದಿದ್ದರೆ ಯಾರ ಮನೆ ಬಾಗಿಲಿಗೆ ಬರುತ್ತಾರೆ? ತೆರಿಗೆಯ ವ್ಯತ್ಯಾಸ ನೀವು ಅಂದುಕೊಂಡಷ್ಟು ದೊಡ್ಡದಲ್ಲ ಎಂಬುದನ್ನು ಮುಂದೆ ಲೆಕ್ಕ ಮಾಡಿಯೇ ನೋಡೋಣ.

ಮೊದಲ ದಾರಿ: ತಮ್ಮನ ಹೆಸರಿನಲ್ಲಿ, ಅಕ್ಕನ ಹಣ ಸಾಲವಾಗಿ

ಏಕಮಾಲೀಕತ್ವಕ್ಕೆ ಬೇರೆ ನೋಂದಣಿ ಎಂಬುದೇ ಇಲ್ಲ. ಕಾನೂನಿನ ಕಣ್ಣಿಗೆ ಘಟಕವೂ ತಮ್ಮನೂ ಒಂದೇ. ಬೇಕಾಗುವುದು ಘಟಕ ಇದೆ ಎಂದು ತೋರಿಸುವ ಕಾಗದಗಳು: ಉದ್ಯಮ್ ನೋಂದಣಿ, ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಜಿಎಸ್‌ಟಿ, ಆಹಾರ ಪರವಾನಗಿ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. udyamregistration.gov.in ತಾಣದಲ್ಲಿ ಆಧಾರ್ ಮತ್ತು ಪ್ಯಾನ್ ಇಟ್ಟುಕೊಂಡು ನೀವೇ ಮಾಡಿಕೊಳ್ಳಬಹುದು, ಹಣ ಕೇಳುವ ತಾಣ ಸರ್ಕಾರದ್ದಲ್ಲ. ಅಂಗಡಿಯ ಹೆಸರಿನಲ್ಲಿ ಕರೆಂಟ್ ಖಾತೆ ತೆರೆಯಲು ಬ್ಯಾಂಕು ಸಾಮಾನ್ಯವಾಗಿ ಆ ಹೆಸರಿರುವ ಎರಡು ದಾಖಲೆ ಕೇಳುತ್ತದೆ. ಹಾಗಾಗಿ ಉದ್ಯಮ್ ಮತ್ತು ಜಿಎಸ್‌ಟಿ ಎರಡರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಒಂದು ಕಡೆ 'ಆಯಿಲ್ ಮಿಲ್', ಇನ್ನೊಂದು ಕಡೆ 'ಆಯಿಲ್ ಮಿಲ್ಸ್' ಎಂದಿದ್ದರೂ ಅರ್ಜಿ ವಾಪಸ್ ಬರುತ್ತದೆ.

ಹಿಡಿತದ ವಿಷಯದಲ್ಲಿ ಇಲ್ಲಿ ಗೊಂದಲವಿಲ್ಲ, ಎಲ್ಲವೂ ತಮ್ಮನದು. ಅಕ್ಕನ 12 ಲಕ್ಷ ಬರೀ ಸಾಲ. ಅದನ್ನು ಬ್ಯಾಂಕಿನ ಮೂಲಕವೇ ಕೊಡಬೇಕು. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆದರೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು, ಕೊಟ್ಟವರು ಒಡಹುಟ್ಟಿದವರೇ ಆಗಿದ್ದರೂ. ಬಡ್ಡಿ ಎಷ್ಟು, ವಾಪಸ್ ಯಾವಾಗ ಎಂದು ಎರಡು ಪುಟದ ಕರಾರು ಬರೆದುಕೊಳ್ಳಿ. ಬಡ್ಡಿಯನ್ನು ಖರ್ಚಾಗಿ ತೋರಿಸಲು ಅದೇ ಆಧಾರ.

ಹೊಣೆ ಪೂರ್ತಿ ತಮ್ಮನ ಮೇಲೆ. ಕೊಬ್ಬರಿ ವ್ಯಾಪಾರಿಗೆ ಕೊಡಬೇಕಾದ 9 ಲಕ್ಷ ನಿಂತುಹೋದರೆ, ಗಾಣದ ಯಂತ್ರ ಸಾಲದಿದ್ದಾಗ ತಮ್ಮನ ಬೈಕು, ಸೈಟು, ತೋಟದಲ್ಲಿನ ಅವರ ಪಾಲು ಎಲ್ಲವೂ ಆ ಸಾಲಕ್ಕೆ ಒಳಪಡುತ್ತವೆ. ಅಕ್ಕನಿಗೆ ಹೋಗುವುದು ಕೊಟ್ಟ ಸಾಲ ಮಾತ್ರ. ಆದರೆ ಇಲ್ಲೊಂದು ಎಡವಟ್ಟು ಆಗುತ್ತದೆ. ಅಭಿಮಾನಕ್ಕೆಂದು ಬೋರ್ಡಿನ ಮೇಲೂ ವಿಸಿಟಿಂಗ್ ಕಾರ್ಡಿನ ಮೇಲೂ ಅಕ್ಕನ ಹೆಸರನ್ನು 'ಪಾಲುದಾರರು' ಎಂದು ಹಾಕಿಸುತ್ತಾರೆ. ಅದನ್ನು ನಂಬಿ ಉದ್ರಿ ಕೊಟ್ಟವನಿಗೆ ಅಕ್ಕ ಪಾಲುದಾರರಂತೆಯೇ ಹೊಣೆಯಾಗುತ್ತಾರೆ ಎಂದು 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 28ನೇ ಕಲಂ ಹೇಳುತ್ತದೆ. ಸಾಲ ಕೊಟ್ಟವರು ಸಾಲ ಕೊಟ್ಟವರಾಗಿಯೇ ಇರಲಿ.

ತಮ್ಮನೊಬ್ಬರೇ ಮಾಲೀಕರಾಗಲು ಅಕ್ಕ ಒಪ್ಪಿದರೆ, ಮೊದಲ ಎರಡು ಮೂರು ವರ್ಷಕ್ಕೆ ಇದು ಒಳ್ಳೆಯ ದಾರಿಯೇ. ಅಕ್ಕನಿಗೂ ಲಾಭದಲ್ಲಿ ಪಾಲು ಬೇಕು, ತೀರ್ಮಾನದಲ್ಲಿ ಮಾತು ಬೇಕು ಎಂದಾಗ ಮುಂದಿನ ದಾರಿಗೆ ಹೋಗಬೇಕು.

ಎರಡನೇ ದಾರಿ: ಪಾಲುದಾರಿಕೆ

ನಮ್ಮ ಕಡೆ ಅತಿ ಹೆಚ್ಚು ಕೆಡುವುದು ಇದೇ, ಯಾಕೆಂದರೆ ಅತಿ ಸುಲಭವಾಗಿ ಶುರುವಾಗುವುದೂ ಇದೇ. ಟೈಪಿಂಗ್ ಅಂಗಡಿಯಲ್ಲಿ ಬೇರೆ ಯಾರದೋ ಪತ್ರದ ಹೆಸರು ತಿದ್ದಿ, ಛಾಪಾ ಕಾಗದದ ಮೇಲೆ ಮುದ್ರಿಸಿ, ಇಬ್ಬರೂ ಸಹಿ ಹಾಕಿದರೆ ಸಂಸ್ಥೆ ಹುಟ್ಟಿತು. ಆ ಪತ್ರದಲ್ಲಿ ಏನಿಲ್ಲ ಎಂಬುದು ಗೊತ್ತಾಗುವುದು ಜಗಳ ಬಂದಾಗ ಅಥವಾ ತೆರಿಗೆ ನೋಟಿಸ್ ಬಂದಾಗ.

ಪತ್ರ ಮೌನವಾಗಿದ್ದಲ್ಲೆಲ್ಲ 1932ರ ಕಾಯ್ದೆ ಮಾತಾಡುತ್ತದೆ, ಅದರ ಮಾತು ನಿಮಗೆ ಒಗ್ಗುವಂತಿರುವುದಿಲ್ಲ. ಲಾಭ ಹಂಚಿಕೆ ಬರೆಯದಿದ್ದರೆ ಸಮಪಾಲು. 12 ಲಕ್ಷ ಹಾಕಿದ ಅಕ್ಕನಿಗೂ 3 ಲಕ್ಷ ಹಾಕಿದ ತಮ್ಮನಿಗೂ ಅರ್ಧರ್ಧ. ನಷ್ಟವೂ ಹಾಗೆಯೇ. ದುಡಿಮೆಗೆ ಸಂಬಳ ಬರೆಯದಿದ್ದರೆ ದಿನಕ್ಕೆ ಹನ್ನೆರಡು ಗಂಟೆ ದುಡಿದ ತಮ್ಮನಿಗೆ ಸಂಬಳವಿಲ್ಲ.

ಹಿಡಿತದ ವಿಷಯಕ್ಕೆ ಬಂದರೆ, ಪ್ರತಿಯೊಬ್ಬ ಪಾಲುದಾರನೂ ಸಂಸ್ಥೆಯ ಏಜೆಂಟ್. ವ್ಯಾಪಾರದ ಎಂದಿನ ರೀತಿಯಲ್ಲಿ ತಮ್ಮ ಉದ್ರಿಗೆ ಕೊಬ್ಬರಿ ತಂದರೆ ಅಕ್ಕನೂ ತಂದಂತೆ. 'ಎರಡು ಲಕ್ಷ ಮೀರಿದ ಖರೀದಿಗೆ ಇಬ್ಬರ ಸಹಿ ಬೇಕು' ಎಂದು ಪತ್ರದಲ್ಲಿ ಬರೆದುಕೊಂಡರೆ ಸಾಕೆಂದು ಅನೇಕರು ನೆಮ್ಮದಿಯಾಗಿರುತ್ತಾರೆ. ಸಾಲದು. ಆ ಮಿತಿ ಗೊತ್ತಿಲ್ಲದ ಹೊರಗಿನ ವ್ಯಾಪಾರಿಯನ್ನು ಅದು ಕಟ್ಟಿಹಾಕುವುದಿಲ್ಲ. ಬ್ಯಾಂಕಿಗೆ ಜಂಟಿ ಸಹಿಯ ಸೂಚನೆ ಕೊಡಬೇಕು, ಮುಖ್ಯ ಪೂರೈಕೆದಾರರಿಗೆ ಈ ಮಿತಿಯನ್ನು ಪತ್ರದಲ್ಲೋ ಇ-ಮೇಲಿನಲ್ಲೋ ತಿಳಿಸಿ ಅದರ ಪ್ರತಿ ಇಟ್ಟುಕೊಳ್ಳಬೇಕು. ಆಗ ಮಾತ್ರ ಮಿತಿಗೆ ಹಲ್ಲು ಬರುತ್ತದೆ.

ಹೊಣೆ ಇನ್ನೂ ಕಟು. 25ನೇ ಕಲಂ ಪ್ರಕಾರ ಪಾಲುದಾರರು ಜಂಟಿಯಾಗಿಯೂ, ಒಬ್ಬೊಬ್ಬರಾಗಿಯೂ ಪೂರ್ತಿ ಸಾಲಕ್ಕೆ ಹೊಣೆ. ತಮ್ಮ ಕೊಬ್ಬರಿ ದರ ಏರುತ್ತದೆಂದು 9 ಲಕ್ಷದ ಮಾಲು ಉದ್ರಿ ತಂದರು, ದರ ಬಿದ್ದಿತು ಎಂದಿಟ್ಟುಕೊಳ್ಳಿ. ವ್ಯಾಪಾರಿ ತಮ್ಮನನ್ನು ಬಿಟ್ಟು, ಬೆಂಗಳೂರಲ್ಲಿ ಫ್ಲ್ಯಾಟ್ ಇರುವ ಅಕ್ಕನ ಮೇಲೆ ಪೂರ್ತಿ 9 ಲಕ್ಷಕ್ಕೂ ದಾವೆ ಹೂಡಬಹುದು. 'ನನ್ನದು ಅರ್ಧ ಪಾಲಷ್ಟೇ' ಎಂಬ ಮಾತು ಅವನ ಮುಂದೆ ನಡೆಯದು. ಅಕ್ಕ ಕಟ್ಟಿ, ಆಮೇಲೆ ತಮ್ಮನಿಂದ ಅವರ ಪಾಲನ್ನು ವಸೂಲು ಮಾಡಿಕೊಳ್ಳಬೇಕು. ಪಾಲುದಾರಿಕೆಗೆ ಸಹಿ ಹಾಕುವ ಮೊದಲು ಉಳಿದವರ ಸಾಲದ ಅಭ್ಯಾಸ ಹೇಗಿದೆ ಎಂದು ನೋಡಬೇಕಾದದ್ದು ಇದಕ್ಕೇ.

ಪತ್ರ ಬರೆಸುವಾಗ ಈ ಐದು ವಿಷಯ ಅಂಕಿಯೊಡನೆ ಇವೆಯೇ ನೋಡಿ:

1. ಲಾಭ ಎಷ್ಟು ಪಾಲು, ನಷ್ಟ ಎಷ್ಟು ಪಾಲು.
2. ದುಡಿಯುವ ಪಾಲುದಾರ ಯಾರು, ಅವರ ಸಂಬಳ ಎಷ್ಟು ಅಥವಾ ಯಾವ ಸೂತ್ರದಲ್ಲಿ. 'ಆಗಾಗ ಪರಸ್ಪರ ಒಪ್ಪಿದಂತೆ' ಎಂಬ ಸಾಲು ಸಾಲದು, ಅಷ್ಟೇ ಇದ್ದರೆ ಸಂಬಳವನ್ನು ಖರ್ಚೆಂದು ಒಪ್ಪದಿರುವ ಅಪಾಯವಿದೆ.
3. ಬಂಡವಾಳಕ್ಕೆ ಬಡ್ಡಿ. ತೆರಿಗೆ ಲೆಕ್ಕಕ್ಕೆ ಒಪ್ಪುವ ಗರಿಷ್ಠ ದರ ವರ್ಷಕ್ಕೆ 12%.
4. ಒಬ್ಬರು ಹೊರಹೋದರೆ ಅವರ ಪಾಲಿಗೆ ಬೆಲೆ ಕಟ್ಟುವ ರೀತಿ, ಎಷ್ಟು ಕಂತಿನಲ್ಲಿ ಪಾವತಿ.
5. ಬ್ಯಾಂಕ್ ಖಾತೆಗೆ ಯಾರ ಸಹಿ, ಯಾವ ಮೊತ್ತ ಮೀರಿದರೆ ಇಬ್ಬರದು.

ಪತ್ರವಾದ ಮೇಲೆ ಸಂಸ್ಥೆಯನ್ನು ನೋಂದಾಯಿಸಿ. ಕರ್ನಾಟಕದಲ್ಲಿ ಇದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕೆಲಸ, ಅರ್ಜಿ ಕಾವೇರಿ ತಂತ್ರಾಂಶದ ಮೂಲಕ ಹೋಗುತ್ತದೆ. ಕಾನೂನು ಇದನ್ನು ಕಡ್ಡಾಯ ಮಾಡಿಲ್ಲ, ಅದಕ್ಕೇ ಬಹಳ ಜನ ಬಿಡುತ್ತಾರೆ. ಬಿಟ್ಟರೆ ಆಗುವುದಿಷ್ಟು: ಹುಬ್ಬಳ್ಳಿಯ ಅಂಗಡಿಯವರು 4 ಲಕ್ಷದ ಎಣ್ಣೆ ತೆಗೆದುಕೊಂಡು ಹಣ ಕೊಡದಿದ್ದರೆ, ನೋಂದಣಿಯಾಗದ ಸಂಸ್ಥೆ ಆ ಕರಾರಿನ ಮೇಲೆ ದಾವೆ ಹೂಡಲಾಗದು. 69ನೇ ಕಲಂ ಅಡ್ಡ ಬರುತ್ತದೆ. ಆದರೆ ಅದೇ ಅಂಗಡಿಯವರು ನಿಮ್ಮ ಮೇಲೆ ದಾವೆ ಹೂಡಲು ಯಾವ ಅಡ್ಡಿಯೂ ಇಲ್ಲ. ದಾವೆ ಹೂಡಿದ ಮೇಲೆ ಓಡಿಹೋಗಿ ನೋಂದಣಿ ಮಾಡಿಸಿದರೆ ಆ ದಾವೆ ಉಳಿಯುವುದಿಲ್ಲ. ಮೊದಲು ನೋಂದಣಿ, ಆಮೇಲೆ ಹೊಸ ದಾವೆ, ಅದೂ ಕಾಲಮಿತಿ ಮೀರಿರದಿದ್ದರೆ.

ಬಿಟ್ಟು ಹೋಗುವವರಿಗೂ ಒಂದು ಎಚ್ಚರಿಕೆ. ಅಕ್ಕ ಮೂರನೇ ವರ್ಷ ಹೊರಬಂದು ನಿವೃತ್ತಿ ಪತ್ರಕ್ಕೆ ಸಹಿ ಹಾಕಿದರೂ, ಸಾರ್ವಜನಿಕ ಪ್ರಕಟಣೆ ಕೊಡುವವರೆಗೆ ಆಮೇಲಿನ ಸಾಲಗಳೂ ಅವರ ಬೆನ್ನು ಹತ್ತಬಹುದು. ನೋಂದಾಯಿತ ಸಂಸ್ಥೆಯಾದರೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು, ರಾಜ್ಯಪತ್ರದಲ್ಲಿ ಮತ್ತು ಆ ಜಿಲ್ಲೆಯಲ್ಲಿ ಓಡಾಡುವ ಒಂದು ದೇಶಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಪಾಲುದಾರರು ಇಬ್ಬರೇ ಆಗಿದ್ದಾಗ ಒಬ್ಬರು ತೀರಿಕೊಂಡರೆ ಸಂಸ್ಥೆ ಅಲ್ಲಿಗೇ ವಿಸರ್ಜನೆಯಾಗುತ್ತದೆ, ಒಬ್ಬರೇ ಪಾಲುದಾರಿಕೆ ನಡೆಸುವಂತಿಲ್ಲವಲ್ಲ. ಮುಂದುವರಿಯುವ ಆಸೆ ಇದ್ದರೆ ಮೊದಲೇ ಮನೆಯ ಮೂರನೆಯವರೊಬ್ಬರನ್ನು ಸಣ್ಣ ಪಾಲಿಗೆ ಸೇರಿಸಿಕೊಳ್ಳುವುದು ಲೇಸು.

ಪಾಲುದಾರಿಕೆಯ ಸರಳತೆ ಬೇಕು, ಈ ಹೊಣೆ ಬೇಡ ಎನ್ನುವವರಿಗೆ 2008ರ ಕಾಯ್ದೆಯಡಿ ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ ಇದೆ. ತೆರಿಗೆ ದರ ಪಾಲುದಾರಿಕೆಯದ್ದೇ, ಹೊಣೆ ಹಾಕಿದ ಹಣಕ್ಕೆ ಸೀಮಿತ. ವಹಿವಾಟು 40 ಲಕ್ಷವನ್ನೋ ಬಂಡವಾಳ 25 ಲಕ್ಷವನ್ನೋ ಮೀರಿದರೆ ಆಡಿಟ್ ಬೇಕು. ಪ್ರತಿ ವರ್ಷ ಎರಡು ಫಾರಂ ತಪ್ಪದೆ ಸಲ್ಲಿಸಬೇಕು.

ಮೂರನೇ ದಾರಿ: ಪ್ರೈವೇಟ್ ಲಿಮಿಟೆಡ್ ಕಂಪನಿ

ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಅವರವರೇ ಎರಡೂ ಆಗಬಹುದು. ಕೆಲಸದ ಕ್ರಮ ಹೀಗಿದೆ. ಇಬ್ಬರೂ ಡಿಜಿಟಲ್ ಸಹಿ ಮಾಡಿಸಿಕೊಳ್ಳಬೇಕು. mca.gov.in ತಾಣದಲ್ಲಿ SPICe+ ಫಾರಂನ ಮೊದಲ ಭಾಗದಲ್ಲಿ ಹೆಸರು ಕೇಳಬೇಕು, ಶುಲ್ಕ 1,000 ರೂಪಾಯಿ. ಮಂಜೂರಾದ ಹೆಸರು 20 ದಿನ ನಿಮಗಾಗಿ ಕಾಯುತ್ತದೆ. ಅಷ್ಟರೊಳಗೆ ಎರಡನೇ ಭಾಗ, ಸಂಸ್ಥಾಪನಾ ಪತ್ರ, ನಿಯಮಾವಳಿ ಸಲ್ಲಿಸಬೇಕು. ಅಧಿಕೃತ ಬಂಡವಾಳ, ಅಂದರೆ ಕಂಪನಿ ಕೊಡಬಹುದಾದ ಷೇರುಗಳ ಗರಿಷ್ಠ ಮೊತ್ತ, 15 ಲಕ್ಷದವರೆಗೆ ಇದ್ದರೆ ಕೇಂದ್ರದ ನೋಂದಣಿ ಶುಲ್ಕ ಇಲ್ಲ, ರಾಜ್ಯದ ಮುದ್ರಾಂಕ ಶುಲ್ಕ ಮಾತ್ರ. ಪ್ಯಾನ್ ಇದೇ ಅರ್ಜಿಯಲ್ಲಿ ಬರುತ್ತದೆ.

ಪ್ರಮಾಣಪತ್ರ ಬಂದ ಕೂಡಲೇ ಕೆಲಸ ಮುಗಿಯಿತೆಂದು ಕೂರುವವರೇ ಹೆಚ್ಚು. ನಿಜವಾಗಿ ಗಡುವುಗಳು ಶುರುವಾಗುವುದು ಆಗ. ಮೊದಲ ಆಡಿಟರ್ ನೇಮಕ 30 ದಿನದೊಳಗೆ. ಇಬ್ಬರೂ ತಮ್ಮ ಷೇರಿನ ಹಣವನ್ನು ತಮ್ಮ ತಮ್ಮ ಖಾತೆಯಿಂದ ಕಂಪನಿ ಖಾತೆಗೆ ಹಾಕಿ, 180 ದಿನದೊಳಗೆ ವ್ಯಾಪಾರ ಆರಂಭದ ಘೋಷಣೆಯಾದ INC-20A ಫಾರಂ ಸಲ್ಲಿಸಬೇಕು. ಅದಾಗುವ ಮೊದಲು ಕಂಪನಿ ವ್ಯಾಪಾರ ಮಾಡುವಂತಿಲ್ಲ, ಸಾಲ ತೆಗೆಯುವಂತಿಲ್ಲ. ತಪ್ಪಿದರೆ ಕಂಪನಿಗೆ 50,000 ರೂಪಾಯಿ ದಂಡ, ನಿರ್ದೇಶಕರಿಗೆ ದಿನಕ್ಕೆ 1,000ದಂತೆ ಒಂದು ಲಕ್ಷದವರೆಗೆ. ಆಮೇಲೆ ಪ್ರತಿ ವರ್ಷ ವಹಿವಾಟು ಎಷ್ಟೇ ಸಣ್ಣದಿರಲಿ ಆಡಿಟ್, ವಾರ್ಷಿಕ ಸಭೆ, ಲೆಕ್ಕಪತ್ರಕ್ಕೆ AOC-4, ವಾರ್ಷಿಕ ವಿವರಕ್ಕೆ MGT-7A. ತಡವಾದರೆ ಪ್ರತಿ ಫಾರಂಗೆ ದಿನಕ್ಕೆ 100 ರೂಪಾಯಿ, ಮೇಲ್ಮಿತಿ ಇಲ್ಲ. ವ್ಯಾಪಾರ ನಿಲ್ಲಿಸಿ ಒಂದು ವರ್ಷ ಮರೆತುಬಿಟ್ಟ ಕಂಪನಿಗೆ ಈ ಎರಡೇ ಫಾರಂಗೆ 73,000 ರೂಪಾಯಿ ಏರಿರುತ್ತದೆ.

ಹಿಡಿತ ಇಲ್ಲಿ ಷೇರಿನಲ್ಲಿದೆ, ದುಡಿಮೆಯಲ್ಲಿಲ್ಲ. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬೇಕು, ವಿಶೇಷ ನಿರ್ಣಯಕ್ಕೆ ಮುಕ್ಕಾಲು. ನಮ್ಮ ಅಕ್ಕ ತಮ್ಮ ಹಾಕಿದ ಹಣದ ಲೆಕ್ಕದಲ್ಲೇ ಷೇರು ಬರೆಸಿಕೊಂಡರೆ 80:20 ಆಗುತ್ತದೆ. ಆಗ ಅಕ್ಕನೊಬ್ಬರೇ ನಿಯಮಾವಳಿಯನ್ನೂ ತಿದ್ದಬಹುದು, ತಮ್ಮನನ್ನು ನಿರ್ದೇಶಕ ಸ್ಥಾನದಿಂದಲೂ ಇಳಿಸಬಹುದು. ಐದು ವರ್ಷ ಗಾಣ ತಿರುಗಿಸಿದ ತಮ್ಮನ ಕೈಯಲ್ಲಿ ಏನೂ ಇರುವುದಿಲ್ಲ. ಹಾಗೆಂದು ಪ್ರೀತಿಯಿಂದ 50:50 ಮಾಡಿಕೊಂಡರೆ, ಭಿನ್ನಾಭಿಪ್ರಾಯ ಬಂದ ದಿನ ಯಾವ ನಿರ್ಣಯವೂ ಆಗದೆ ಕಂಪನಿ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಸರಿಯಾದ ಉಪಾಯ ಹಣವನ್ನು ಎರಡು ಭಾಗ ಮಾಡುವುದು. ಅಕ್ಕನ 12 ಲಕ್ಷದಲ್ಲಿ 4.5 ಲಕ್ಷ ಷೇರಿಗೆ, ಉಳಿದ 7.5 ಲಕ್ಷ ನಿರ್ದೇಶಕಿಯಾಗಿ ಕಂಪನಿಗೆ ಕೊಟ್ಟ ಸಾಲ. ತಮ್ಮನ 3 ಲಕ್ಷ ಪೂರ್ತಿ ಷೇರಿಗೆ. ಆಗ ಪಾಲು 60:40. ದಿನನಿತ್ಯದ ತೀರ್ಮಾನ ಅಕ್ಕನ ಕೈಯಲ್ಲೇ ಇರುತ್ತದೆ, ಆದರೆ ತಮ್ಮನ ಒಪ್ಪಿಗೆಯಿಲ್ಲದೆ ವಿಶೇಷ ನಿರ್ಣಯ ಆಗದು. ಅಕ್ಕ ಕೊಟ್ಟ ಸಾಲ ಸ್ವಂತ ಹಣದ್ದು, ಬೇರೆಯವರಿಂದ ತಂದದ್ದಲ್ಲ ಎಂಬ ಲಿಖಿತ ಘೋಷಣೆ ಕಂಪನಿಯ ಕಡತದಲ್ಲಿರಬೇಕು, ಇಲ್ಲದಿದ್ದರೆ ಅದು ಠೇವಣಿ ಎನಿಸಿಕೊಂಡು ಬೇರೆ ತೊಂದರೆ ತರುತ್ತದೆ. ತಮ್ಮನನ್ನು ತೆಗೆಯುವ ಪ್ರಶ್ನೆ, ಷೇರು ಹೊರಗಿನವರಿಗೆ ಮಾರುವ ಪ್ರಶ್ನೆ ಇವೆರಡನ್ನೂ ನಿಯಮಾವಳಿ ಬರೆಯುವಾಗಲೇ ಮತ್ತು ಷೇರುದಾರರ ಒಪ್ಪಂದದಲ್ಲಿ ಬಿಡಿಸಿ ಬರೆಸಿ.

ಹೊಣೆಯ ವಿಷಯದಲ್ಲಿ ಕಂಪನಿಯ ಗೋಡೆ ನಿಜ, ಆದರೆ ಅದರಲ್ಲಿ ಬಾಗಿಲುಗಳಿವೆ. ಕೊಬ್ಬರಿ ವ್ಯಾಪಾರಿಯ 9 ಲಕ್ಷಕ್ಕೆ ಕಂಪನಿಯ ಆಸ್ತಿ ಮಾತ್ರ ಹೊಣೆ, ಅಕ್ಕನ ಫ್ಲ್ಯಾಟ್ ಅಲ್ಲ. ಬ್ಯಾಂಕಿನ ಸಾಲಕ್ಕೆ ಮಾತ್ರ ಇದೇ ಮಾತು ಹೇಳಲಾಗದು. ಹೊಸ ಕಂಪನಿಗೆ ಸಾಲ ಕೊಡುವಾಗ ಬ್ಯಾಂಕು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುವುದು ವಾಡಿಕೆ. ಆ ಕಾಗದಕ್ಕೆ ಸಹಿ ಬಿದ್ದ ಕ್ಷಣ ಆ ಸಾಲದ ಮಟ್ಟಿಗೆ ಗೋಡೆ ಇಲ್ಲ. ಕಂಪನಿ ದಿವಾಳಿಯಾಗಿ ಪ್ರಕ್ರಿಯೆ ಮುಗಿದರೂ ಜಾಮೀನುದಾರ ತಾನಾಗಿಯೇ ಬಿಡುಗಡೆಯಾಗುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಬಾಗಿಲು ತೆರಿಗೆಯದು: ಪ್ರೈವೇಟ್ ಕಂಪನಿಯಿಂದ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಬಾಕಿ ವಸೂಲಾಗದಿದ್ದರೆ, ಆ ಅವಧಿಯ ನಿರ್ದೇಶಕರು ತಮ್ಮ ಕಡೆಯಿಂದ ಘೋರ ನಿರ್ಲಕ್ಷ್ಯ ಇರಲಿಲ್ಲವೆಂದು ತೋರಿಸದ ಹೊರತು ಅವರಿಂದಲೇ ವಸೂಲು ಮಾಡಬಹುದು. ಚೆಕ್ ಬೌನ್ಸ್ ಆದರೆ ಸಹಿ ಹಾಕಿದ ನಿರ್ದೇಶಕರ ಮೇಲೂ ಕ್ರಿಮಿನಲ್ ಪ್ರಕರಣ ಬರುತ್ತದೆ. ಅಕ್ಕ ನಿರ್ದೇಶಕಿಯಾಗಿರಲಿ, ಆದರೆ ಚೆಕ್‌ಗೂ ಜಾಮೀನಿಗೂ ಓದದೆ ಸಹಿ ಹಾಕದಿರಲಿ. ಜಾಮೀನು ಇಲ್ಲದೆ ಆಗದು ಎಂದಾದರೆ ಅದಕ್ಕೆ ಮೊತ್ತದ ಮಿತಿ ಬರೆಸಲು ಕೇಳಿ.

ಈಗ ತೆರಿಗೆ: ಅದೇ 18 ಲಕ್ಷ, ಮೂರು ರೀತಿ

ಇಲ್ಲಿರುವುದು 2025-26ರ ಆರ್ಥಿಕ ವರ್ಷದ ದರಗಳು, ವ್ಯಕ್ತಿಗಳಿಗೆ ಹೊಸ ಪದ್ಧತಿಯ ಲೆಕ್ಕ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಂ ಸಂಖ್ಯೆಗಳು ಬದಲಾಗಿರುವುದರಿಂದ ಹಳೆಯ ಸಂಖ್ಯೆಗಳನ್ನು ಇಲ್ಲಿ ತಂದಿಲ್ಲ.

ಏಕಮಾಲೀಕತ್ವದಲ್ಲಿ ಅಕ್ಕನ 12 ಲಕ್ಷ ಸಾಲಕ್ಕೆ 12%ರಂತೆ 1,44,000 ಬಡ್ಡಿ ಖರ್ಚು. ತಮ್ಮನ ಆದಾಯ 16,56,000. ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ, ಆಮೇಲಿನ ಒಂದೊಂದು 4 ಲಕ್ಷಕ್ಕೂ 5, 10, 15%, 16 ಲಕ್ಷ ಮೀರಿದ್ದಕ್ಕೆ 20%. ಸೆಸ್ ಸೇರಿ ತಮ್ಮ ಕಟ್ಟುವುದು 1,36,448. ಅಕ್ಕ 15%ರ ಹಂತದಲ್ಲಿರುವುದರಿಂದ ಬಡ್ಡಿಗೆ 22,464. ಇಬ್ಬರದೂ ಸೇರಿ 1,58,912.

ಪಾಲುದಾರಿಕೆಗೆ ಹಂತಗಳಿಲ್ಲ, ಮೊದಲ ರೂಪಾಯಿಯಿಂದಲೇ 30%, ಸೆಸ್ ಸೇರಿ 31.2%. ಕೇಳಿದರೆ ಭಯವಾಗುತ್ತದೆ. ಆದರೆ ಬಂಡವಾಳದ ಬಡ್ಡಿ ಮತ್ತು ದುಡಿಯುವ ಪಾಲುದಾರನ ಸಂಬಳ ಮೊದಲು ಕಳೆಯುತ್ತವೆ. ಇಬ್ಬರ 15 ಲಕ್ಷಕ್ಕೆ ಬಡ್ಡಿ 1,80,000 ಹೋಗಿ ಉಳಿದದ್ದು 16,20,000. ಸಂಬಳಕ್ಕೆ ಮಿತಿ: ಮೊದಲ 6 ಲಕ್ಷದ 90%, ಅಂದರೆ 5,40,000, ಉಳಿದ 10,20,000ದ 60%, ಅಂದರೆ 6,12,000. ಒಟ್ಟು 11,52,000 ತಮ್ಮನಿಗೆ ಕೊಡಬಹುದು. ಸಂಸ್ಥೆಯ ಕೈಯಲ್ಲಿ ಉಳಿದ 4,68,000ಕ್ಕೆ ತೆರಿಗೆ 1,46,016. ತಮ್ಮನ ಸಂಬಳವೂ ಬಡ್ಡಿಯೂ ಸೇರಿ 11,88,000. ಅದು 12 ಲಕ್ಷದೊಳಗಿರುವುದರಿಂದ ರಿಯಾಯಿತಿಯಲ್ಲಿ ತೆರಿಗೆ ಸೊನ್ನೆ. ಅಕ್ಕನ ಬಡ್ಡಿಗೆ 22,464. ಒಟ್ಟು 1,68,480. ತೆರಿಗೆ ಕಟ್ಟಿ ಉಳಿದ ಲಾಭ ಹಂಚಿಕೊಂಡಾಗ ಇಬ್ಬರಿಗೂ ಮತ್ತೆ ತೆರಿಗೆ ಇಲ್ಲ.

ಎರಡು ರೂಪಗಳ ನಡುವೆ ವ್ಯತ್ಯಾಸ ಹತ್ತು ಸಾವಿರದೊಳಗೆ. ಈಗ ಪಾಲುದಾರಿಕೆ ಪತ್ರದಲ್ಲಿ ಸಂಬಳ, ಬಡ್ಡಿಯ ಸಾಲುಗಳೇ ಇಲ್ಲ ಎಂದುಕೊಳ್ಳಿ. ಆಗ 18 ಲಕ್ಷಕ್ಕೂ 31.2%: 5,61,600 ರೂಪಾಯಿ. ಬಿಟ್ಟುಹೋದ ಎರಡು ಸಾಲಿನ ಬೆಲೆ ಒಂದೇ ವರ್ಷಕ್ಕೆ 3.9 ಲಕ್ಷ. ಇನ್ನೊಂದು ತಪ್ಪು ಇದರ ತಮ್ಮನೇ: ಲೆಕ್ಕ ಬರೆಯುವ ಗೋಜು ಬೇಡವೆಂದು ಪಾಲುದಾರಿಕೆ ಸಂಸ್ಥೆ ಅಂದಾಜು ಆದಾಯದ ಪದ್ಧತಿಗೆ, ಅಂದರೆ ವಹಿವಾಟಿನ 6 ಅಥವಾ 8% ತೋರಿಸುವ ಪದ್ಧತಿಗೆ ಹೋಗುವುದು. ಅಲ್ಲಿ ಆ ಮೊತ್ತದಿಂದ ಸಂಬಳ, ಬಡ್ಡಿ ಕಳೆಯಲು ಬಿಡುವುದಿಲ್ಲ. ಏಕಮಾಲೀಕರಿಗೆ ಅನುಕೂಲವಾದದ್ದು ಪಾಲುದಾರರಿಗೆ ಭಾರವಾಗುತ್ತದೆ. ಮತ್ತು 2025ರ ಏಪ್ರಿಲ್ 1ರಿಂದ ಪಾಲುದಾರನಿಗೆ ಕೊಡುವ ಸಂಬಳ, ಬಡ್ಡಿ ವರ್ಷಕ್ಕೆ 20,000 ಮೀರಿದರೆ ಸಂಸ್ಥೆ 10% ಟಿಡಿಎಸ್ ಕಡಿಯಬೇಕು, ಅದಕ್ಕೆ ಟ್ಯಾನ್ ಸಂಖ್ಯೆ ಬೇಕು. ವರ್ಷದ ಕೊನೆಗೆ ಒಂದೇ ಜಮಾ ನಮೂದಿನಲ್ಲಿ ಸಂಬಳ ಬರೆಯುವ ಹಳೆಯ ರೂಢಿಯವರು ಇದನ್ನು ಮರೆಯುತ್ತಾರೆ.

ಕಂಪನಿಯಲ್ಲಿ 22%ರ ದರ ಆರಿಸಿಕೊಂಡರೆ ಸರ್‌ಚಾರ್ಜ್, ಸೆಸ್ ಸೇರಿ 25.168%. ಈ ದರ ತಾನಾಗಿ ಬರುವುದಿಲ್ಲ, ರಿಟರ್ನ್ ಗಡುವಿನೊಳಗೆ ನಿಗದಿತ ಫಾರಂ ಸಲ್ಲಿಸಿದರೆ ಮಾತ್ರ. ತಮ್ಮನಿಗೆ ನಿರ್ದೇಶಕರ ಸಂಬಳ 12,75,000 ಕೊಟ್ಟರೆ, 75,000 ಪ್ರಮಾಣಿತ ಕಡಿತ ಹೋಗಿ ಸರಿಯಾಗಿ 12 ಲಕ್ಷ; ತೆರಿಗೆ ಇಲ್ಲ. ಅಕ್ಕನ 7.5 ಲಕ್ಷ ಸಾಲಕ್ಕೆ ಬಡ್ಡಿ 90,000, ಅದಕ್ಕೆ ಅವರ ತೆರಿಗೆ 14,040. ಕಂಪನಿಗೆ ಉಳಿದ 4,35,000ಕ್ಕೆ ತೆರಿಗೆ 1,09,481. ಒಟ್ಟು 1,23,521, ಮೂರರಲ್ಲಿ ಕಡಿಮೆ.

ಆದರೆ ಉಳಿದ 3,25,519 ಇನ್ನೂ ಕಂಪನಿಯದು. ಅದನ್ನು ಡಿವಿಡೆಂಡ್ ಆಗಿ ಮನೆಗೆ ಒಯ್ದರೆ ಕತೆಯೇ ಬೇರೆ. ತಮ್ಮನ 40% ಪಾಲು 1,30,208. ಅದು ಸೇರಿದ್ದೇ ಅವರ ಆದಾಯ 12 ಲಕ್ಷ ದಾಟಿ ರಿಯಾಯಿತಿ ಪೂರ್ತಿ ಕೈತಪ್ಪುತ್ತದೆ, ತೆರಿಗೆ 82,712. ಅಕ್ಕನ ಪಾಲಿಗೆ 30,469. ಒಟ್ಟು ಭಾರ 2,36,702ಕ್ಕೆ ಏರಿ, ಮೂರರಲ್ಲಿ ಹೆಚ್ಚಿನದಾಗುತ್ತದೆ. ಲಾಭವನ್ನು ಮತ್ತೊಂದು ಗಾಣಕ್ಕೋ ಬಾಟಲಿ ಯಂತ್ರಕ್ಕೋ ಹಾಕುವವರಿಗೆ ಕಂಪನಿ ಹೊಂದುತ್ತದೆ. ಪ್ರತಿ ವರ್ಷ ಪೂರ್ತಿ ಮನೆಗೆ ಒಯ್ಯುವವರಿಗೆ ಹೊಂದದು. ಆಡಿಟ್, ಫಾರಂಗಳ ವಾರ್ಷಿಕ ಖರ್ಚನ್ನೂ ಇದೇ ಲೆಕ್ಕಕ್ಕೆ ಸೇರಿಸಿ ನೋಡಿ.

ಡಿವಿಡೆಂಡ್ ತಪ್ಪಿಸಲು ಕಂಪನಿ ಖಾತೆಯಿಂದ ಮಗಳ ಫೀಸಿಗೋ ಮನೆಯ ಕಂತಿಗೋ ನೇರ ಹಣ ಎತ್ತುವುದು ಸಾಮಾನ್ಯ. ಏಕಮಾಲೀಕನಾಗಿ ಇದ್ದಾಗಿನ ಕೈಚಳಕ ಅದು, ಆಗ ತಪ್ಪಲ್ಲ. ಕಂಪನಿಯಲ್ಲಿ ಹೀಗೆ ಷೇರುದಾರನಿಗೆ ಹೋದ ಹಣವನ್ನು, ಅವನಿಗೆ 10% ಅಥವಾ ಹೆಚ್ಚಿನ ಮತವಿದ್ದರೆ, ಕಂಪನಿಯ ಕೂಡಿಟ್ಟ ಲಾಭದ ಮಟ್ಟಿಗೆ ಡಿವಿಡೆಂಡ್ ಎಂದೇ ಭಾವಿಸಿ ತೆರಿಗೆ ಹಾಕುತ್ತಾರೆ. ಆಡಿಟರ್ ವರ್ಷದ ಕೊನೆಗೆ 'ನಿರ್ದೇಶಕರ ಖಾತೆ'ಯಲ್ಲಿ ಕಂಪನಿಗೆ ಬರಬೇಕಾದ ಬಾಕಿ ತೋರಿಸಿದರೆ ಅದು ಆ ತೊಂದರೆಯ ಮೊದಲ ಗುರುತು.

ಮುಂದೆ ರೂಪ ಬದಲಿಸುವುದಾದರೆ

ತಮ್ಮನ ಹೆಸರಿನಲ್ಲಿ ಶುರುಮಾಡಿ ಮೂರನೇ ವರ್ಷ ಕಂಪನಿ ಮಾಡುವುದು ಸಾಧ್ಯ. ಆಸ್ತಿ ವರ್ಗಾವಣೆಗೆ ಬಂಡವಾಳ ಲಾಭದ ತೆರಿಗೆ ಬೀಳಬಾರದೆಂದರೆ ಮೂರು ಷರತ್ತು: ಘಟಕದ ಎಲ್ಲ ಆಸ್ತಿ, ಎಲ್ಲ ಸಾಲ ಒಟ್ಟಿಗೆ ಕಂಪನಿಗೆ ಹೋಗಬೇಕು, ಬದಲಿಗೆ ತಮ್ಮನಿಗೆ ಷೇರು ಬಿಟ್ಟು ಬೇರೇನೂ ಸಿಗಬಾರದು, ಅವರ ಮತ ಐದು ವರ್ಷ 50%ಕ್ಕಿಂತ ಇಳಿಯಬಾರದು. ಮೂರನೆಯದನ್ನು ಗಮನಿಸಿ. ಅಕ್ಕನಿಗೆ 60% ಕೊಡುವ ಮನಸ್ಸಿದ್ದರೆ ಈ ದಾರಿ ಅವರಿಗೆ ಮುಚ್ಚಿದೆ, ಮೊದಲೇ ಕಂಪನಿ ಮಾಡುವುದು ಸರಿ.

ಕೆಲಸದ ಕ್ರಮದಲ್ಲಿ ಹಿಂದುಮುಂದಾದರೆ ಮಾಲು ನಿಲ್ಲುತ್ತದೆ. ಮೊದಲು ಕಂಪನಿಯ ಜಿಎಸ್‌ಟಿ ಮತ್ತು ಆಹಾರ ಪರವಾನಗಿ ಪಡೆಯಿರಿ. ವರ್ಗಾವಣೆಯ ಕರಾರಿಗೆ ಸಹಿಯಾದ ಮೇಲೆ ಹಳೆಯ ಜಿಎಸ್‌ಟಿಯಲ್ಲಿ ಉಳಿದ ತೆರಿಗೆ ಜಮೆಯನ್ನು ITC-02 ಫಾರಂ ಮೂಲಕ ಕಂಪನಿಗೆ ದಾಟಿಸಿ. ಅದು ಮುಗಿಯುವವರೆಗೆ ಹಳೆಯ ನೋಂದಣಿ ರದ್ದು ಮಾಡಬೇಡಿ, ಮಾಡಿದರೆ ದಾಟಿಸುವ ದಾರಿ ಹೋಗುತ್ತದೆ. ಹಳೆಯ ಪರವಾನಗಿ ಸಂಖ್ಯೆ ಮುದ್ರಿಸಿದ ಲೇಬಲ್‌ಗಳು ಕಂಪನಿಯ ಮಾಲಿಗೆ ಬಳಸಲು ಬರುವುದಿಲ್ಲ. ಆದ್ದರಿಂದ ಬದಲಾವಣೆಯ ತಿಂಗಳು ಗೊತ್ತಾದ ಕೂಡಲೇ ಲೇಬಲ್ ಮುದ್ರಣವನ್ನು ಕಡಿಮೆ ಮಾಡಿಕೊಂಡು ಬನ್ನಿ. ಬ್ಯಾಂಕಿನ ಹಳೆಯ ಖಾತೆಯನ್ನು ಬಾಕಿ ವಸೂಲಿಗೆಂದು ಕೆಲವು ತಿಂಗಳು ತೆರೆದಿಡಿ, ಆದರೆ ಹೊಸ ಬಿಲ್ಲಿನ ಹಣ ಅದಕ್ಕೆ ಬೀಳದಂತೆ ಅಂಗಡಿಯ ಕ್ಯೂಆರ್ ಕೋಡ್ ಅನ್ನು ಮೊದಲ ದಿನವೇ ಬದಲಿಸಿ.